ದೊಡ್ಡ ಕಂಪನಿಗೆ ವೆಂಡರ್ ಆಗುವುದು: ಕೋಡ್‌ನಿಂದ ಪೇಮೆಂಟ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೇತ್, ಮಿಲ್ಲಿಂಗ್, ಒಂದೆರಡು ಸಿಎನ್‌ಸಿ ಮೆಷಿನ್ ಇಟ್ಟುಕೊಂಡು ಬಿಡಿಭಾಗ ಮಾಡುವ ಸಣ್ಣ ಯೂನಿಟ್‌ಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಪೀಣ್ಯದಲ್ಲಾಗಲಿ, ಬೊಮ್ಮಸಂದ್ರದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ದೊಡ್ಡ ಖಾಸಗಿ ಕಂಪನಿಯಿಂದ ಮೊದಲ ಸಲ ಆರ್ಡರ್ ಬರುವ ಹೊತ್ತಿಗೆ ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಸರ್ಕಾರಿ ಟೆಂಡರ್, ಜೆಮ್ ಪೋರ್ಟಲ್ ವಿಷಯ ಇಲ್ಲಿಲ್ಲ, ಅದರ ದಾರಿಯೇ ಬೇರೆ.

ವೆಂಡರ್ ಕೋಡ್ ಅಂದರೆ ಏನು? ಅದು ಬರುವ ಮೊದಲೇ ಮಾಲು ಕೊಟ್ಟರೆ ತೊಂದರೆಯೇ?

ಕಂಪನಿಯ ಕಂಪ್ಯೂಟರ್ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ತೆರೆಯುವ ಖಾತೆಯ ಸಂಖ್ಯೆಯೇ ವೆಂಡರ್ ಕೋಡ್. ಅದಿಲ್ಲದೆ ನಿಮ್ಮ ಹೆಸರಿಗೆ ಪಿಒ, ಅಂದರೆ ಖರೀದಿ ಆದೇಶ, ಹುಟ್ಟುವುದಿಲ್ಲ. ಪಿಒ ಇಲ್ಲದಿದ್ದರೆ ಸ್ಟೋರ್ಸ್‌ನವರು ಮಾಲು ಸ್ವೀಕರಿಸಿದ ದಾಖಲೆಯಾದ ಜಿಆರ್‌ಎನ್ ಹಾಕಲು ಆಗುವುದಿಲ್ಲ, ಜಿಆರ್‌ಎನ್ ಇಲ್ಲದಿದ್ದರೆ ಅಕೌಂಟ್ಸ್‌ನವರಿಗೆ ನಿಮ್ಮ ಬಿಲ್ ಬುಕ್ ಮಾಡುವ ದಾರಿಯೇ ಇರುವುದಿಲ್ಲ. ಮಾಲು ಅವರ ಶೆಡ್ಡಿನಲ್ಲಿ ಕೂತಿದ್ದರೂ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ.

ಕಂಪನಿಯ ವೆಬ್‌ಸೈಟಿನಲ್ಲಿ ವೆಂಡರ್ ಫಾರ್ಮ್ ತುಂಬಿ ತಿಂಗಳುಗಳಾದವು. ಉತ್ತರವೇ ಇಲ್ಲ. ಏನು ಮಾಡಲಿ?

ಅಲ್ಲಿ ತುಂಬಿದ್ದು ಹೆಚ್ಚಾಗಿ ಹೆಸರುಗಳ ಪಟ್ಟಿಗೆ ಸೇರುತ್ತದೆ, ಅಷ್ಟೇ. ಕೋಡ್ ತೆರೆಯುವ ಕೆಲಸ ಶುರುವಾಗುವುದು ಕಂಪನಿಯ ಒಳಗಿನಿಂದ. ಯಾವುದೋ ವಿಭಾಗಕ್ಕೆ ನಿಮ್ಮ ಮಾಲು ಬೇಕಾಗಬೇಕು, ಅವರು ಇಂಡೆಂಟ್ ಹಾಕಬೇಕು, ಪರ್ಚೇಸ್‌ನ ಒಬ್ಬ ಬಯರ್ "ಈ ವೆಂಡರ್ ಬೇಕು" ಎಂದು ಕೋರಿಕೆ ಎತ್ತಬೇಕು. ಆಗ ನಿಮ್ಮ ಮೇಲ್‌ಗೆ ಪೋರ್ಟಲ್‌ನ ಲಿಂಕ್ ಬರುತ್ತದೆ. ಹಾಗಾಗಿ ಫಾರ್ಮ್ ಹಿಂದೆ ಓಡುವ ಬದಲು ಬಯರ್ ಯಾರು ಎಂದು ಹುಡುಕುವುದೇ ಸರಿ. ಶೀಟ್ ಮೆಟಲ್ ನೋಡುವವರು ಬೇರೆ, ಮೆಷಿನ್ಡ್ ಪಾರ್ಟ್ಸ್ ನೋಡುವವರು ಬೇರೆ, ಪ್ಯಾಕಿಂಗ್ ನೋಡುವವರು ಇನ್ನೊಬ್ಬರು. ಆ ಕಂಪನಿಗೆ ಈಗಾಗಲೇ ಮಾಲು ಕೊಡುತ್ತಿರುವ ಪಕ್ಕದ ಶೆಡ್ಡಿನವರನ್ನು ಕೇಳಿದರೆ ಹೆಸರು ಗೊತ್ತಾಗುತ್ತದೆ, ಅವರು ನಿಮ್ಮ ಪ್ರತಿಸ್ಪರ್ಧಿ ಅಲ್ಲದಿದ್ದರೆ.

ಬಯರ್‌ಗೆ ಕಳಿಸುವ ಪರಿಚಯ ಪತ್ರದಲ್ಲಿ ಅವರು ಹುಡುಕುವುದು ಮೂರು ಸಂಗತಿ: ಯಾವ ಮೆಷಿನ್ ಇದೆ, ಎಷ್ಟು ಅಳತೆಯ ಜಾಬ್ ಹಿಡಿಯುತ್ತದೆ, ಎಷ್ಟು ಮೈಕ್ರಾನ್ ಹಿಡಿಯಬಲ್ಲಿರಿ. "ಗುಣಮಟ್ಟವೇ ನಮ್ಮ ಧ್ಯೇಯ" ಎಂಬ ಸಾಲನ್ನು ಯಾರೂ ಓದುವುದಿಲ್ಲ.

ಯಾವ ದಾಖಲೆಗಳು ಬೇಕು? ಎಲ್ಲ ಕೊಟ್ಟರೂ ಫಾರ್ಮ್ ವಾಪಸ್ ಬರುತ್ತಿದೆ, ಯಾಕೆ?

ಪ್ಯಾನ್, ಜಿಎಸ್‌ಟಿ ನೋಂದಣಿ ಪತ್ರ, ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿಯಾದ ಉದ್ಯಮ್ ಪ್ರಮಾಣಪತ್ರ, ಕ್ಯಾನ್ಸಲ್ ಮಾಡಿದ ಚೆಕ್, ಇವು ಎಲ್ಲರೂ ಕೇಳುವಂಥವು. ಕೆಲವರು ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಪಿಎಫ್ ಮತ್ತು ಇಎಸ್‌ಐ ಸಂಖ್ಯೆ, ಐಎಸ್‌ಒ ಪ್ರಮಾಣಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರೂ ಇಲ್ಲ ಎಂಬ ಘೋಷಣೆಯೂ ಇರುತ್ತದೆ. ಇದ್ದರೆ ಇದ್ದಾರೆ ಎಂದೇ ಬರೆಯಿರಿ. ಬರೆದರೆ ಒಂದು ಹೆಚ್ಚುವರಿ ಅನುಮತಿ ಬೇಕಾಗಬಹುದು, ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕೋಡ್ ಬ್ಲಾಕ್ ಆಗುತ್ತದೆ.

ಫಾರ್ಮ್ ವಾಪಸ್ ಬರುವುದಕ್ಕೆ ನಾನು ಅತಿ ಹೆಚ್ಚು ನೋಡಿರುವ ಕಾರಣ ಹೆಸರಿನ ಹೊಂದಾಣಿಕೆ. ನಮ್ಮ ಸಣ್ಣ ಯೂನಿಟ್‌ಗಳಲ್ಲಿ ಬಹುಪಾಲು ಒಬ್ಬರೇ ಮಾಲೀಕರಿರುವ ಪ್ರೊಪ್ರೈಟರಿ ಸಂಸ್ಥೆಗಳು. ಅಲ್ಲಿ ಪ್ಯಾನ್ ಇರುವುದು ಮಾಲೀಕರ ಸ್ವಂತ ಹೆಸರಿನಲ್ಲಿ. ಜಿಎಸ್‌ಟಿ ಪತ್ರದಲ್ಲಿ ಕಾನೂನು ಹೆಸರು ಎಂಬಲ್ಲಿ ಮಾಲೀಕರ ಹೆಸರು, ವ್ಯಾಪಾರದ ಹೆಸರು ಎಂಬಲ್ಲಿ ವರ್ಕ್ಸ್ ಹೆಸರು. ಬ್ಯಾಂಕಿನ ಕರೆಂಟ್ ಅಕೌಂಟ್ ವರ್ಕ್ಸ್ ಹೆಸರಿನಲ್ಲಿ, ಅದೂ ಎಷ್ಟೋ ಸಲ ಒಂದಕ್ಷರ ಬೇರೆ: ಜಿಎಸ್‌ಟಿಯಲ್ಲಿ "ಇಂಜಿನಿಯರಿಂಗ್ ವರ್ಕ್ಸ್", ಚೆಕ್ಕಿನಲ್ಲಿ "ಎಂಜಿನಿಯರ್ಸ್". ಎಲ್ಲೋ ದೂರದ ಊರಿನಲ್ಲಿ ಕೂತು ವೆಂಡರ್ ಮಾಸ್ಟರ್ ತುಂಬುವವರಿಗೆ ನಿಮ್ಮ ಪರಿಚಯವಿಲ್ಲ. ಮೂರು ಕಾಗದದಲ್ಲಿ ಮೂರು ಹೆಸರು ಕಂಡರೆ ತಿರಸ್ಕರಿಸುತ್ತಾರೆ, ಕಾರಣವನ್ನೂ ಸರಿಯಾಗಿ ಬರೆಯುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಈ ಖಾತೆ ಇಂಥ ವರ್ಕ್ಸ್ ಹೆಸರಿನಲ್ಲಿದೆ, ಅದರ ಪ್ರೊಪ್ರೈಟರ್ ಇಂಥವರು, ಪ್ಯಾನ್ ಇಷ್ಟು ಎಂದು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತಂದು ಚೆಕ್ ಜೊತೆ ಲಗತ್ತಿಸಿ. ಸ್ಪೆಲಿಂಗ್ ತಪ್ಪಿದ್ದರೆ ಕೋಡ್‌ಗೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ. ಜಿಎಸ್‌ಟಿಯ ವಿಳಾಸದಲ್ಲಿ ಹಳೇ ಶೆಡ್ ಇದೆಯೇ ಎಂದೂ ನೋಡಿ. ವೆಂಡರ್ ಆಡಿಟ್‌ಗೆ ಬಂದವರು ಆ ವಿಳಾಸಕ್ಕೆ ಹೋಗಿ ಬೀಗ ನೋಡಿಕೊಂಡು ಬಂದರೆ ಫೈಲು ಅಲ್ಲಿಗೇ ನಿಲ್ಲುತ್ತದೆ.

ಉದ್ಯಮ್ ನೋಂದಣಿ ಅಷ್ಟು ಮುಖ್ಯವೇ?

ಹೌದು, ಮತ್ತು ಅದನ್ನು ಪಿಒಗಿಂತ ಮೊದಲೇ ಮಾಡಿಸಿಕೊಂಡಿರಬೇಕು. 45 ದಿನದೊಳಗೆ ಹಣ ಕೊಡಬೇಕು ಎಂದು ಕೆಳಗೆ ಹೇಳುವ ಕಾನೂನಿನ ರಕ್ಷಣೆ ನಿಂತಿರುವುದೇ ಅದರ ಮೇಲೆ. ಒಪ್ಪಂದ ಆದ ಮೇಲೆ ನೋಂದಣಿ ಮಾಡಿಸಿಕೊಂಡವರಿಗೆ ಹಿಂದಿನ ಬಾಕಿಗೂ ಆ ರಕ್ಷಣೆ ಸಿಗುತ್ತದೆಯೇ ಎಂಬ ಬಗ್ಗೆ ಕೋರ್ಟುಗಳಲ್ಲಿ ಸಾಕಷ್ಟು ಜಗಳ ನಡೆದಿದೆ. ಆ ಜಗಳಕ್ಕೆ ನೀವು ಸಿಕ್ಕಿಹಾಕಿಕೊಳ್ಳಬೇಕಾಗಿಲ್ಲ. `udyamregistration.gov.in` ತಾಣದಲ್ಲಿ ನೋಂದಣಿಗೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ.

ಎರಡು ಮಿತಿ ತಿಳಿದಿರಲಿ. 45 ದಿನದ ರಕ್ಷಣೆ ಇರುವುದು ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಮಾತ್ರ, ಮೀಡಿಯಂಗೆ ಇಲ್ಲ. 2025ರ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು 100 ಕೋಟಿ ಮತ್ತು ಯಂತ್ರೋಪಕರಣದ ಹೂಡಿಕೆ 25 ಕೋಟಿ ಮೀರದಿದ್ದರೆ ಸ್ಮಾಲ್, ಹಾಗಾಗಿ ನಮ್ಮ ಬಹುತೇಕ ಯೂನಿಟ್‌ಗಳು ಒಳಗೇ ಬರುತ್ತವೆ. ಇನ್ನೊಂದು, ಮಾಲು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೂ ಉದ್ಯಮ್ ಸಂಖ್ಯೆ ಸಿಗುತ್ತದೆ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಬೇರಿಂಗ್, ಬೋಲ್ಟು ತಂದು ಸಪ್ಲೈ ಮಾಡುವವರು ಈ ಕಾನೂನನ್ನು ನಂಬಿ ಕೂರಬೇಡಿ.

ಕೋಡ್ ಬರಲು ಎಷ್ಟು ದಿನ? ಯಾರ ಟೇಬಲ್ ಮೇಲೆ ನಿಂತಿದೆ ಎಂದು ಹೇಗೆ ತಿಳಿಯುವುದು?

ಎರಡು ವಾರಕ್ಕೂ ಬಂದದ್ದುಂಟು, ಎರಡು ತಿಂಗಳಾದದ್ದೂ ಉಂಟು. ಮೊದಲು ಬಯರ್, ಆಮೇಲೆ ಅವರ ಮ್ಯಾನೇಜರ್. ಬಿಡಿಭಾಗ ಆಗಿದ್ದರೆ ಕ್ವಾಲಿಟಿಯವರ ಆಡಿಟ್ ಮತ್ತು ಸ್ಯಾಂಪಲ್ ಪಾಸಾಗಬೇಕು. ನಂತರ ಫೈನಾನ್ಸ್‌ನವರು ತೆರಿಗೆ, ಬ್ಯಾಂಕ್ ವಿವರ ನೋಡುತ್ತಾರೆ, ಕೊನೆಗೆ ಮಾಸ್ಟರ್ ಡೇಟಾ ತಂಡ ಕೋಡ್ ತೆರೆಯುತ್ತದೆ. ಇವರಲ್ಲಿ ನಿಮಗೆ ಮಾತಿಗೆ ಸಿಗುವುದು ಬಯರ್ ಒಬ್ಬರೇ. "ಏನಾಯ್ತು ಸಾರ್" ಎಂದು ಕೇಳಿದರೆ "ಪ್ರೋಸೆಸ್‌ನಲ್ಲಿದೆ" ಎಂಬ ಉತ್ತರ ಬರುತ್ತದೆ. "ರಿಕ್ವೆಸ್ಟ್ ನಂಬರ್ ಎಷ್ಟು, ಈಗ ಫೈನಾನ್ಸ್ ಹತ್ತಿರ ಇದೆಯಾ ಮಾಸ್ಟರ್ ಡೇಟಾ ಹತ್ತಿರ ಇದೆಯಾ" ಎಂದು ಕೇಳಿದರೆ ಅವರು ಸಿಸ್ಟಮ್ ತೆರೆದು ನೋಡಲೇಬೇಕಾಗುತ್ತದೆ.

ನೋಂದಣಿಗೆ ಡಿಪಾಸಿಟ್ ಕಟ್ಟಿ ಎಂದು ಮೇಲ್ ಬಂದಿದೆ.

ಕಟ್ಟಬೇಡಿ. ವೆಂಡರ್ ಕೋಡ್‌ಗೆಂದು ಯಾರದೋ ಖಾತೆಗೆ ಮುಂಗಡ ಡಿಪಾಸಿಟ್ ಹಾಕಿ ಎನ್ನುವುದು ದೊಡ್ಡ ಕಂಪನಿಗಳ ಹೆಸರಿನಲ್ಲಿ ನಡೆಯುವ ಮೋಸ. ಮೇಲ್ ವಿಳಾಸದಲ್ಲಿ `@` ಚಿಹ್ನೆಯ ನಂತರ ಏನಿದೆ ನೋಡಿ. ಅನುಮಾನ ಇದ್ದರೆ ಕಂಪನಿಯ ಬೋರ್ಡ್ ನಂಬರಿಗೆ ನೀವೇ ಫೋನ್ ಮಾಡಿ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

"ಕೆಲಸ ಶುರು ಮಾಡಿ, ಪಿಒ ಹಿಂದೆಯೇ ಬರುತ್ತೆ" ಅಂತಾರೆ. ಒಪ್ಪಬಹುದಾ?

ಹೀಗೆ ಹೇಳುವವರು ಹೆಚ್ಚಾಗಿ ಪ್ರೊಡಕ್ಷನ್‌ನವರು. ಲೈನ್ ನಿಂತಿದೆ, ನಾಳೆ ಬೆಳಿಗ್ಗೆ ಮಾಲು ಬೇಕು, ಮನುಷ್ಯರೂ ಒಳ್ಳೆಯವರೇ. ಆದರೆ ಪಿಒ ಕೊಡುವ ಅಧಿಕಾರ ಅವರಿಗಿಲ್ಲ. ಕಂಪನಿಯಲ್ಲಿ ಯಾರು ಎಷ್ಟು ರೂಪಾಯಿಯವರೆಗೆ ಸಹಿ ಹಾಕಬಹುದು ಎಂದು ಒಂದು ಪಟ್ಟಿ ಇರುತ್ತದೆ. ಬಯರ್ ಸಿದ್ಧ ಮಾಡಿದ ಪಿಒ ಮೊತ್ತಕ್ಕೆ ತಕ್ಕಂತೆ ಒಬ್ಬೊಬ್ಬರನ್ನೇ ದಾಟಿ ಮೇಲೆ ಹೋಗುತ್ತದೆ. ಕೊನೆಯವರು ಒಪ್ಪಿದ ಮೇಲಷ್ಟೇ ಅದು ರಿಲೀಸ್ ಆಗುವುದು. ಅಲ್ಲಿಯವರೆಗೆ ಅದು ಕರಡು, ಪಿಡಿಎಫ್ ಆಗಿ ನಿಮ್ಮ ವಾಟ್ಸಾಪ್‌ಗೆ ಬಂದಿದ್ದರೂ ಅಷ್ಟೇ.

ಮಾಲು ಮೊದಲು ಹೋಗಿ ಪಿಒ ಆಮೇಲೆ ಆದರೆ ಪಿಒ ದಿನಾಂಕಕ್ಕಿಂತ ನಿಮ್ಮ ಬಿಲ್ ದಿನಾಂಕ ಹಿಂದಿನದಾಗುತ್ತದೆ. ಅನೇಕ ಕಂಪನಿಗಳ ಆಡಿಟ್‌ನಲ್ಲಿ ಅದು ಕೆಂಪು ಗುರುತು. ಯಾಕೆ ಹೀಗಾಯಿತು ಎಂದು ಆ ವಿಭಾಗದವರು ವಿವರಣೆ ಬರೆದು ಮೇಲಿನವರ ಅನುಮತಿ ತರಬೇಕು. ವಿವರಣೆ ಬರೆಯಲು ಯಾರಿಗೂ ಇಷ್ಟವಿರುವುದಿಲ್ಲ, ನಿಮ್ಮ ಬಿಲ್ ಡ್ರಾಯರಿನಲ್ಲಿ ಉಳಿಯುತ್ತದೆ. ಸಂಬಂಧ ಉಳಿಸಿಕೊಳ್ಳಲು ಶುರು ಮಾಡಲೇಬೇಕು ಎಂದಾದರೆ, ಪರ್ಚೇಸ್‌ನ ಬಯರ್‌ನಿಂದ, ಕಂಪನಿಯ ಮೇಲ್‌ನಿಂದಲೇ, ಪಾರ್ಟ್ ನಂಬರ್, ಸಂಖ್ಯೆ, ರೇಟು ಮೂರೂ ಇರುವ ಒಂದು ಸಾಲು ಬರೆಸಿಕೊಳ್ಳಿ. ಸಿದ್ಧತೆ ಮಾಡಿಕೊಳ್ಳಿ, ಜಾಬ್ ಮುಗಿಸಿಡಿ, ಆದರೆ ಪಿಒ ನಂಬರ್ ಬರುವವರೆಗೆ ಗಾಡಿ ಹೊರಡಿಸಬೇಡಿ.

ಪಿಒ ಬಂತು. ಏನೇನು ನೋಡಬೇಕು? ಹದಿನಾರು ಪುಟ ಇದೆ!

ಹದಿನಾಲ್ಕು ಪುಟ ಎಲ್ಲರಿಗೂ ಒಂದೇ. ಮೊದಲೆರಡು ಪುಟ ನಿಧಾನವಾಗಿ ಓದಿ.

ಡ್ರಾಯಿಂಗ್ ನಂಬರಿನ ಪಕ್ಕದ ರಿವಿಷನ್ ಅಕ್ಷರ ನಿಮ್ಮ ಹತ್ತಿರ ಇರುವ ಡ್ರಾಯಿಂಗ್‌ದೇ ಆಗಿರಬೇಕು. ಪಿಒದಲ್ಲಿ "ಸಿ" ಇದ್ದು ನೀವು "ಬಿ" ನೋಡಿ ಮಾಡಿದರೆ ಇಡೀ ಲಾಟ್ ರಿಜೆಕ್ಟ್. ಅಳತೆಯ ಘಟಕ ನೋಡಿ. ಕೊಟೇಶನ್ ಕೊಟ್ಟಿದ್ದು ನಗ ಲೆಕ್ಕದಲ್ಲಿ, ಪಿಒ ಬಂದಿದ್ದು ಕೆಜಿ ಲೆಕ್ಕದಲ್ಲಿ ಇದ್ದರೆ ನಿಮ್ಮ ಬಿಲ್ ಯಾವತ್ತೂ ಹೊಂದುವುದಿಲ್ಲ. ಸಾಗಣೆ ಖರ್ಚು ಯಾರದು, ತಡವಾದರೆ ವಾರಕ್ಕೆ ಎಷ್ಟು ಶೇಕಡಾ ಕಡಿತ ಎಂಬುದನ್ನೂ ನೋಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಸಾಲು ಪೇಮೆಂಟ್ ಟರ್ಮ್ಸ್. ಅಲ್ಲಿ ದಿನದ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಣಿಕೆ ಎಲ್ಲಿಂದ ಶುರು ಎಂಬುದು ಬೀಳುವುದಿಲ್ಲ. ಬಿಲ್ ದಿನಾಂಕದಿಂದ 60 ದಿನ, ಜಿಆರ್‌ಎನ್‌ನಿಂದ 60 ದಿನ, ಬಿಲ್ ಅಕೌಂಟ್ಸ್‌ನಲ್ಲಿ ಬುಕ್ ಆದಾಗಿನಿಂದ 60 ದಿನ, ಇವು ಮೂರು ಬೇರೆ ಬೇರೆ ಷರತ್ತು. ಮೂರನೆಯದರಲ್ಲಿ ಎಣಿಕೆ ಯಾವಾಗ ಶುರುವಾಗಬೇಕು ಎಂಬುದು ಪೂರ್ತಿ ಅವರ ಕೈಯಲ್ಲಿದೆ. ನನ್ನನ್ನು ಕೇಳಿದರೆ, "ಜಿಆರ್‌ಎನ್‌ನಿಂದ 60" ಎಂಬುದು "ಬುಕ್ ಆದ ಮೇಲೆ 45" ಎಂಬುದಕ್ಕಿಂತ ಎಷ್ಟೋ ಸಲ ವಾಸಿ. ತಿದ್ದಬೇಕಾದ್ದು ಏನಿದ್ದರೂ ಮಾಲು ಕಳಿಸುವ ಮೊದಲು ಪಿಒ ಅಮೆಂಡ್‌ಮೆಂಟ್ ಕೇಳಿ. ಮಾಲು ಒಳಗೆ ಹೋದ ಮೇಲೆ ನಿಮ್ಮ ಮಾತಿಗೆ ತೂಕವಿಲ್ಲ.

ಜಿಆರ್‌ಎನ್ ಅಂದರೆ ಗೇಟಿನಲ್ಲಿ ಹಾಕುವ ಸೀಲೇ ಅಲ್ಲವೇ?

ಅಲ್ಲ. ಸೆಕ್ಯುರಿಟಿಯವರು ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್, ಅಂದರೆ ಡಿಸಿ ಮೇಲೆ ಒತ್ತುವ ಸೀಲು ಗಾಡಿ ಒಳಗೆ ಬಂತು ಎಂಬುದಕ್ಕೆ ಸಾಕ್ಷಿ ಮಾತ್ರ. ಆಮೇಲೆ ಸ್ಟೋರ್ಸ್‌ನವರು ಎಣಿಸುತ್ತಾರೆ, ಕ್ವಾಲಿಟಿಯವರು ಅಳೆಯುತ್ತಾರೆ, ಒಪ್ಪಿದ ಸಂಖ್ಯೆಯನ್ನು ಪಿಒ ಎದುರು ಸಿಸ್ಟಮ್‌ನಲ್ಲಿ ದಾಖಲಿಸುತ್ತಾರೆ. ಆ ದಾಖಲೆಯೇ ಜಿಆರ್‌ಎನ್. ಅಕೌಂಟ್ಸ್‌ನವರು ಪಿಒ, ಜಿಆರ್‌ಎನ್, ನಿಮ್ಮ ಬಿಲ್ ಮೂರನ್ನೂ ಎದುರುಬದುರು ಇಟ್ಟು ಸಂಖ್ಯೆ, ರೇಟು, ತೆರಿಗೆ ತಾಳೆ ನೋಡುತ್ತಾರೆ. ಒಂದು ತಪ್ಪಿದರೂ ಬಿಲ್ ಬ್ಲಾಕ್. ಬ್ಲಾಕ್ ಆಗಿದೆ ಎಂದು ನಿಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಗೇಟ್ ಸೀಲಿರುವ ಡಿಸಿಯನ್ನು ಮಾತ್ರ ಜೋಪಾನವಾಗಿ ಇಡಿ. ಡ್ರೈವರ್ ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಮಳೆಯಲ್ಲಿ ನೆನೆಸಿ ತರುವುದು ಮಾಮೂಲು. ಗೇಟಿನಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಲು ಹೇಳಿ. ಮಾಲು ತಲುಪಿದ ದಿನವನ್ನು ಮುಂದೆ ರುಜುವಾತು ಮಾಡಲು ನಿಮ್ಮ ಹತ್ತಿರ ಇರುವುದು ಅದೊಂದೇ.

60 ದಿನ ಅಂದರೆ ದುಡ್ಡು ಕೈಗೆ ಬರುವುದು ಯಾವಾಗ? ಒಂದು ಲೆಕ್ಕ ಹಾಕಿ ತೋರಿಸಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 400 ಶಾಫ್ಟ್, ಒಂದಕ್ಕೆ 850 ರೂಪಾಯಿ. ಮಾಲಿನ ಬೆಲೆ 3,40,000, ಶೇ 18 ಜಿಎಸ್‌ಟಿ 61,200, ಒಟ್ಟು 4,01,200 ರೂಪಾಯಿ. ಷರತ್ತು ಜಿಆರ್‌ಎನ್‌ನಿಂದ 60 ದಿನ. ಈ ಕಂಪನಿ ಪೇಮೆಂಟ್ ಬಿಡುವುದು ತಿಂಗಳಿಗೆ ಎರಡೇ ಸಲ, 10 ಮತ್ತು 25ನೇ ತಾರೀಖು.

ಜೂನ್ 10ಕ್ಕೆ ನೀವು ರಾಡ್ ಕೊಂಡಿರಿ, ಸ್ಟೀಲ್ ಅಂಗಡಿಯವರು ಸಾಲ ಕೊಡಲಿಲ್ಲ. ಜುಲೈ 7ಕ್ಕೆ ಬಿಲ್ ಮಾಡಿ ಜುಲೈ 8ಕ್ಕೆ ಮಾಲು ಗೇಟು ದಾಟಿತು. ಕ್ವಾಲಿಟಿಯಲ್ಲಿ ಒಬ್ಬರು ರಜೆ, ಜುಲೈ 17ಕ್ಕೆ ಜಿಆರ್‌ಎನ್ ಆಯಿತು. ಅದೂ 388ಕ್ಕೆ ಮಾತ್ರ, 12 ನಗದ ವ್ಯಾಸ ಕಡಿಮೆ. ಜುಲೈ 17ರಿಂದ 60 ದಿನ ಎಣಿಸಿದರೆ ಸೆಪ್ಟೆಂಬರ್ 15. ಆದರೆ 10ನೇ ತಾರೀಖಿನ ಪೇಮೆಂಟ್ ಆಗಲೇ ಹೋಗಿದೆ, ಇನ್ನು ಬರುವುದು ಸೆಪ್ಟೆಂಬರ್ 25ಕ್ಕೆ. ರಾಡ್‌ಗೆ ದುಡ್ಡು ಹಾಕಿದ ದಿನದಿಂದ ಎಣಿಸಿದರೆ 107 ದಿನ.

ನಡುವೆ ಆಗಸ್ಟ್ 20 ಬಂದಿರುತ್ತದೆ. ಜುಲೈ ತಿಂಗಳ ಬಿಲ್‌ನ ಜಿಎಸ್‌ಟಿಯನ್ನು, ತಿಂಗಳ ರಿಟರ್ನ್ ಹಾಕುವವರು ಅಂದೇ ಕಟ್ಟಬೇಕು. ರಾಡ್ ಕೊಂಡಾಗ ಕಟ್ಟಿದ ತೆರಿಗೆಯನ್ನು ಅದರಿಂದ ಕಳೆಯಬಹುದು, ಮಿಕ್ಕಿದ್ದು ಕೈಯಿಂದಲೇ. ಕಂಪನಿ ದುಡ್ಡು ಕೊಟ್ಟಿಲ್ಲ ಎಂಬುದನ್ನು ಜಿಎಸ್‌ಟಿ ಕೇಳುವುದಿಲ್ಲ. ಇಂಥ ಬಿಲ್ ತಿಂಗಳಿಗೆ ಒಂದರಂತೆ ಹೋಗುತ್ತಿದ್ದರೆ, ಸೆಪ್ಟೆಂಬರ್ 25ರ ಹೊತ್ತಿಗೆ ಮೂರು ಬಿಲ್ ಹೊರಗಿರುತ್ತದೆ: ಸುಮಾರು 12 ಲಕ್ಷ. ರೇಟು ಕೊಡುವಾಗ ಈ 12 ಲಕ್ಷದ ಓವರ್‌ಡ್ರಾಫ್ಟ್ ಬಡ್ಡಿಯನ್ನು ಸೇರಿಸದವರು ಹೆಚ್ಚಾಗಿ ಎರಡನೇ ವರ್ಷ ಸುಸ್ತಾಗುತ್ತಾರೆ.

ಆ 12 ನಗಕ್ಕೆ ಕಂಪನಿ ಡೆಬಿಟ್ ನೋಟ್ ಕಳಿಸಿದೆ. ನಾನೇನಾದರೂ ಮಾಡಬೇಕಾ?

ಮಾಡಬೇಕು. 12 ನಗಕ್ಕೆ 10,200, ಜಿಎಸ್‌ಟಿ 1,836, ಒಟ್ಟು 12,036 ರೂಪಾಯಿ ಕಳೆದು 3,89,164 ಕೊಡುತ್ತಾರೆ. ಆದರೆ ಅವರ ಡೆಬಿಟ್ ನೋಟ್‌ನಿಂದ ನಿಮ್ಮ ತೆರಿಗೆ ಕಮ್ಮಿಯಾಗುವುದಿಲ್ಲ. ನೀವು ನಿಮ್ಮ ಕಡೆಯಿಂದ ಕ್ರೆಡಿಟ್ ನೋಟ್ ಮಾಡಿ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿದರೆ ಮಾತ್ರ ಆ 1,836 ಉಳಿಯುತ್ತದೆ. ರಿಜೆಕ್ಟ್ ಆದ ಮಾಲು ವಾಪಸ್ ತಂದು ಅಳೆದು ನೋಡಿ, ಸರಿಯಿದ್ದರೆ ಆಗಲೇ ಲಿಖಿತದಲ್ಲಿ ಹೇಳಿ. ಎಷ್ಟೋ ಯೂನಿಟ್‌ಗಳಲ್ಲಿ ರಿಜೆಕ್ಟ್ ಮಾಲು ಕಂಪನಿಯ ಸ್ಕ್ರ್ಯಾಪ್ ಯಾರ್ಡಿನಲ್ಲೇ ಉಳಿದುಬಿಡುತ್ತದೆ.

ಜಿಎಸ್‌ಟಿ ಭಾಗ ಮಾತ್ರ ತಡೆಹಿಡಿದಿದ್ದಾರೆ. ಇದು ಸರಿಯಾ?

ನಿಮ್ಮ ಬಿಲ್ ಅವರ ಖರೀದಿಯ ತೆರಿಗೆ ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣದಿದ್ದರೆ ಅವರಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಅದಕ್ಕೆ ತಡೆಯುತ್ತಾರೆ. ಜುಲೈ ಬಿಲ್ಲನ್ನು ಆಗಸ್ಟ್ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ಹಾಕಿದ್ದರೆ 14ಕ್ಕೆ ಅವರಿಗೆ ಕಾಣುತ್ತದೆ. ತೊಂದರೆ ಆಗುವುದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ. ಅಂಥವರು ಐಎಫ್‌ಎಫ್ ಸೌಲಭ್ಯದಲ್ಲಿ ಮುಂದಿನ ತಿಂಗಳ 13ರೊಳಗೆ ಬಿಲ್ ತೋರಿಸಬಹುದು, ಇದನ್ನು ನಿಮ್ಮ ಆಡಿಟರ್‌ಗೆ ನೆನಪಿಸಿ. ವಹಿವಾಟು 5 ಕೋಟಿ ದಾಟಿದವರ ಬಿಲ್‌ಗೆ ಇ-ಇನ್‌ವಾಯ್ಸ್‌ನ ಐಆರ್‌ಎನ್ ಇಲ್ಲದಿದ್ದರೆ ಬಿಲ್ಲೇ ಅಸಿಂಧು, ಗೇಟಿನಿಂದಲೇ ವಾಪಸ್ ಬರುತ್ತದೆ.

ಕಾನೂನು 45 ದಿನ ಅನ್ನುತ್ತದೆ. ಪಿಒದಲ್ಲಿ 60, 90 ಇದೆ. ನಾನೇ ಸಹಿ ಹಾಕಿದ್ದೇನೆ. ಯಾವುದು ನಿಲ್ಲುತ್ತದೆ?

ಕಾನೂನು ನಿಲ್ಲುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲು ತಲುಪಿ 15 ದಿನದೊಳಗೆ ಅವರು ಬರವಣಿಗೆಯಲ್ಲಿ ಆಕ್ಷೇಪಣೆ ಎತ್ತದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಜಿಆರ್‌ಎನ್ ಯಾವಾಗ ಹಾಕಿದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಗೇಟ್ ಸೀಲ್ ಇಡಿ ಎಂದು ಹೇಳಿದ್ದು ಇದಕ್ಕೇ.

ಮೇಲಿನ ಶಾಫ್ಟ್ ಲೆಕ್ಕಕ್ಕೆ ಬಂದರೆ, ಜುಲೈ 8ರಿಂದ 45 ದಿನ ಆಗಸ್ಟ್ 22. ಆಕ್ಷೇಪಣೆ ಬಂದಿದ್ದರೆ ನೀವು ಅದನ್ನು ಪರಿಹರಿಸಿದ ದಿನದಿಂದ ಎಣಿಕೆ. ಜುಲೈ 19ಕ್ಕೆ ಆ 12 ನಗದ ಕ್ರೆಡಿಟ್ ನೋಟ್ ಕೊಟ್ಟು ಮುಗಿಸಿದಿರಿ ಎಂದರೂ ಸೆಪ್ಟೆಂಬರ್ 2ಕ್ಕೆ ಗಡುವು ಮುಗಿಯಿತು. ಎರಡರಲ್ಲಿ ಯಾವುದನ್ನು ಹಿಡಿದರೂ ಸೆಪ್ಟೆಂಬರ್ 25 ತಡವೇ. ತಡವಾದ ದಿನಗಳಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬ್ಯಾಂಕ್ ರೇಟ್ ಶೇ 6 ಇದ್ದರೆ ಬಡ್ಡಿ ಶೇ 18. ಆಗಸ್ಟ್ 22ರಿಂದ 34 ದಿನಕ್ಕೆ ಸುಮಾರು 6,500 ರೂಪಾಯಿ ಆಗುತ್ತದೆ.

ಆ 6,500 ಕೇಳಿ ಪಡೆದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ನಾಳೆ ಆರ್ಡರ್ ಬೇಕಲ್ಲ. ಕಾನೂನಿನ ನಿಜವಾದ ಉಪಯೋಗ ಆಗುವುದು ಮಾತುಕತೆಯ ಹೊತ್ತಿಗೆ: ಕೋಡ್ ತೆರೆಯುವಾಗಲೇ ಉದ್ಯಮ್ ಪ್ರಮಾಣಪತ್ರ ಕೊಟ್ಟು, ವೆಂಡರ್ ಮಾಸ್ಟರ್‌ನಲ್ಲಿ ಮೈಕ್ರೋ ಅಥವಾ ಸ್ಮಾಲ್ ಎಂದು ಗುರುತು ಹಾಕಿಸಿ, ಟರ್ಮ್ಸ್ 45 ಎಂದು ಬರೆಸಿಕೊಂಡರೆ ಸಿಸ್ಟಮ್ ತಾನಾಗಿ ಆ ದಿನ ಲೆಕ್ಕ ಹಾಕುತ್ತದೆ. ಆಮೇಲೆ ಜಗಳ ಬೇಕಿಲ್ಲ.

ಮಾರ್ಚ್ ಬಂತೆಂದರೆ ಕಂಪನಿಯವರೇ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ, ಯಾಕೆ?

2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಎಂಬ ಸಾಲು ಸೇರಿಸಿತು. ಮೈಕ್ರೋ, ಸ್ಮಾಲ್ ಘಟಕಗಳಿಗೆ ಮೇಲಿನ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೆ ಉಳಿದರೆ ಅವರ ತೆರಿಗೆ ಏರುತ್ತದೆ. ಹಾಗಾಗಿ ಹಳೇ ಬಾಕಿ ಕೇಳಲು ಫೆಬ್ರವರಿ ಕೊನೆಯಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಇದೇ ಕಾರಣಕ್ಕೆ "ನಾವು ಎಂಎಸ್‌ಎಂಇ ಅಲ್ಲ" ಎಂಬ ಘೋಷಣೆಗೆ ಸಹಿ ಕೇಳುವ ಬಯರ್‌ಗಳೂ ಇದ್ದಾರೆ. ಉದ್ಯಮ್ ಇಟ್ಟುಕೊಂಡು ಅದಕ್ಕೆ ಸಹಿ ಹಾಕಿದರೆ ಸುಳ್ಳು ಹೇಳಿಕೆ ಕೊಟ್ಟಂತೆ, ಜೊತೆಗೆ ಇರುವ ಒಂದು ಹಿಡಿತವನ್ನೂ ಬಿಟ್ಟುಕೊಟ್ಟಂತೆ.

ಟ್ರೆಡ್ಸ್ ಬಗ್ಗೆ ಕೇಳಿದ್ದೇನೆ. ಸಣ್ಣವರಿಗೆ ಉಪಯೋಗ ಉಂಟಾ?

ಉಂಟು, ಕಂಪನಿ ಮನಸ್ಸು ಮಾಡಿದರೆ. ಟ್ರೆಡ್ಸ್ ಅಂದರೆ ಬಾಕಿ ಬಿಲ್ ಮೇಲೆ ಬ್ಯಾಂಕಿನಿಂದ ಮೊದಲೇ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಮುಂತಾದ ವೇದಿಕೆಗಳಲ್ಲಿ ನಿಮ್ಮ ಬಿಲ್ ಹಾಕುತ್ತೀರಿ, ಕಂಪನಿ "ಹೌದು, ಇಷ್ಟು ಕೊಡಬೇಕು" ಎಂದು ಒಪ್ಪುತ್ತದೆ, ಬ್ಯಾಂಕುಗಳು ಬಡ್ಡಿ ದರ ಹೇಳುತ್ತವೆ. ನೀವು ಒಂದನ್ನು ಒಪ್ಪಿದರೆ ಒಂದೆರಡು ದಿನದಲ್ಲಿ ಬಡ್ಡಿ ಮುರಿದುಕೊಂಡು ಹಣ ಬರುತ್ತದೆ. ದರ ನಿಲ್ಲುವುದು ಕಂಪನಿಯ ಸಾಲದ ಯೋಗ್ಯತೆ ಮೇಲೆ, ನಿಮ್ಮದರ ಮೇಲಲ್ಲ. ಕಂಪನಿ ಕೊಡದೆ ಹೋದರೂ ಬ್ಯಾಂಕು ನಿಮ್ಮನ್ನು ಕೇಳುವಂತಿಲ್ಲ. ಶೇ 9 ದರ ಸಿಕ್ಕರೆ 3,89,164ಕ್ಕೆ 60 ದಿನದ ಬಡ್ಡಿ ಸುಮಾರು 5,750 ರೂಪಾಯಿ. ನಿಮ್ಮ ಓವರ್‌ಡ್ರಾಫ್ಟ್ ದರ ಇದಕ್ಕಿಂತ ಹೆಚ್ಚಿದ್ದರೆ ಲಾಭ.

ವಹಿವಾಟು 250 ಕೋಟಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇಲ್ಲಿ ಸೇರಬೇಕು ಎಂದು ಸರ್ಕಾರ ಆದೇಶಿಸಿತ್ತು. ಸೇರಬೇಕು ಎಂದಿದೆಯೇ ಹೊರತು ನಿಮ್ಮ ಬಿಲ್ ಒಪ್ಪಲೇಬೇಕು ಎಂದಿಲ್ಲ. ಕೋಡ್ ತೆಗೆದುಕೊಳ್ಳುವಾಗಲೇ "ಟ್ರೆಡ್ಸ್‌ನಲ್ಲಿ ಬಿಲ್ ಒಪ್ಪುತ್ತೀರಾ, ಬಡ್ಡಿ ಯಾರದು" ಎಂದು ಕೇಳಿಬಿಡಿ.

ದುಡ್ಡಿಗೆ ಯಾರಿಗೆ ಫೋನ್ ಮಾಡುವುದು? ಪರ್ಚೇಸ್‌ನವರು ಅಕೌಂಟ್ಸ್ ಕೇಳಿ ಅಂತಾರೆ, ಅವರು ಸ್ಟೋರ್ಸ್ ಕೇಳಿ ಅಂತಾರೆ.

ಗಡುವು ಮುಗಿದ ಮೇಲೆ ಕೇಳಿದರೆ ಹೀಗೇ ಆಗುವುದು. ಮಾಲು ಹೋಗಿ ಮೂರನೇ ದಿನ ಸ್ಟೋರ್ಸ್‌ಗೆ ಫೋನ್ ಮಾಡಿ ಜಿಆರ್‌ಎನ್ ನಂಬರ್ ಕೇಳಿ. ಅದು ಸಿಕ್ಕಿದ ಒಂದು ವಾರಕ್ಕೆ ಅಕೌಂಟ್ಸ್‌ಗೆ ಆ ನಂಬರ್ ಹೇಳಿ, ಬಿಲ್ ಬುಕ್ ಆಯಿತಾ, ಡ್ಯೂ ಡೇಟ್ ಯಾವುದು ಎಂದು ಕೇಳಿ. ಅಷ್ಟು ಬೇಗ ಕೇಳಿದರೆ ತಪ್ಪಿದ್ದನ್ನು ತಿದ್ದಲು ಕಾಲ ಇರುತ್ತದೆ. ಡ್ಯೂ ಡೇಟ್ ತಿಳಿದ ಮೇಲೆ ನಡುವೆ ಫೋನ್ ಮಾಡಿ ಬೇಸರ ಮಾಡಬೇಡಿ. ಪೋರ್ಟಲ್ ಇದ್ದರೆ ಬಿಲ್ ಸ್ಥಿತಿ ಅಲ್ಲೇ ಕಾಣುತ್ತದೆ.

ಆರು ತಿಂಗಳಾದರೂ ಕೊಟ್ಟಿಲ್ಲ. ಕೊನೆಯ ದಾರಿ ಯಾವುದು?

180 ದಿನ ದಾಟಿದರೆ ಕಂಪನಿ ನಿಮ್ಮ ಬಿಲ್‌ನ ಮೇಲೆ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಇದನ್ನು ನಮೂದಿಸಿ ಅವರ ಫೈನಾನ್ಸ್ ಮುಖ್ಯಸ್ಥರಿಗೆ ಒಂದು ಪತ್ರ ಬರೆದರೆ ಎಷ್ಟೋ ಸಲ ಅಲ್ಲೇ ಇತ್ಯರ್ಥವಾಗುತ್ತದೆ. ಆಗದಿದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅದು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಅಲ್ಲಿ ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿ ತೀರ್ಪು. 90 ದಿನದಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳಿದರೂ ಅಷ್ಟರಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ತೀರ್ಪು ನಿಮ್ಮ ಪರವಾದರೆ, ಅದನ್ನು ಪ್ರಶ್ನಿಸಲು ಕಂಪನಿ ಶೇ 75 ಹಣವನ್ನು ಮೊದಲು ಕೋರ್ಟಿಗೆ ಕಟ್ಟಬೇಕು. ಪಿಒ, ಗೇಟ್ ಸೀಲಿನ ಡಿಸಿ, ಬಿಲ್, ಅವರ ಮೇಲ್‌ಗಳು ನಿಮ್ಮ ಹತ್ತಿರ ಇದ್ದರೆ ಮಾತ್ರ ಈ ದಾರಿ. ಅದೇ ಕಂಪನಿಯಿಂದ ಮುಂದೆ ಆರ್ಡರ್ ಬರುತ್ತದೆ ಎಂಬ ಆಸೆ ಇಟ್ಟುಕೊಂಡು ಅರ್ಜಿ ಹಾಕಬೇಡಿ.

ಬ್ಯಾಂಕ್ ಬದಲಾಯಿಸಿದ್ದೇನೆ. ಹೊಸ ಖಾತೆ ನಂಬರ್ ಮೇಲ್ ಮಾಡಿದರೆ ಸಾಕಾ?

ಸಾಲದು. ಬೇರೆಯವರು ವೆಂಡರ್ ಹೆಸರಿನಲ್ಲಿ ಮೇಲ್ ಮಾಡಿ ಖಾತೆ ಬದಲಿಸಿ ಹಣ ಹೊಡೆಯುವುದು ಹೆಚ್ಚಾಗಿರುವುದರಿಂದ ಕಂಪನಿಗಳು ಹೊಸ ಚೆಕ್, ಬ್ಯಾಂಕ್ ಪತ್ರ, ಲೆಟರ್‌ಹೆಡ್‌ನಲ್ಲಿ ಕೋರಿಕೆ ಎಲ್ಲ ಕೇಳಿ, ಫೋನ್ ಮಾಡಿ ಖಾತ್ರಿ ಮಾಡಿಕೊಂಡು, ಅನುಮತಿಯ ಮೆಟ್ಟಿಲುಗಳನ್ನು ಮತ್ತೆ ಹತ್ತಿಸುತ್ತವೆ. ಅಷ್ಟು ದಿನ ನಿಮ್ಮ ಕೋಡ್ ಪೇಮೆಂಟ್‌ಗೆ ಬ್ಲಾಕ್ ಆಗಿರಬಹುದು. ಹೊಸ ಖಾತೆ ಕೋಡ್‌ಗೆ ಸೇರಿದೆ ಎಂದು ಲಿಖಿತದಲ್ಲಿ ಬಂದು, ಒಂದು ಪೇಮೆಂಟ್ ಅದಕ್ಕೆ ಜಮಾ ಆಗುವವರೆಗೆ ಹಳೇ ಖಾತೆ ಮುಚ್ಚಬೇಡಿ.